ಶ್ರುತಿ ಬಿಡದೆ ಕಾಲ ಇಳಿಸುವುದು

ರೆಕಾರ್ಡಿಂಗ್ ಕೇಳಿ ಕಲ್ಪನಾಸ್ವರ ಕಲಿಯಲು ಕೂತ ಪಿಟೀಲು ವಿದ್ಯಾರ್ಥಿ ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದು ಒಂದು ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ. ಆದಿತಾಳ, ನಿಮಿಷಕ್ಕೆ 75 ಅಕ್ಷರದ ಓಟ ಎಂದಿಟ್ಟುಕೊಳ್ಳಿ. ಒಂದು ಅಕ್ಷರಕ್ಕೆ 0.8 ಸೆಕೆಂಡ್ ಸಿಗುತ್ತದೆ. ಮೂರನೆಯ ಕಾಲದಲ್ಲಿ ಅಷ್ಟರೊಳಗೆ ಎಂಟು ಸ್ವರ ಬರಬೇಕು. ಕಲ್ಯಾಣಿಯಲ್ಲಿ ವಿದ್ವಾಂಸರು ‘ನಿದಮಗ ಮದನಿಸ’ ಎಂದು ಹಾಡಿದರೆ ಒಂದೊಂದು ಸ್ವರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ನಿಷಾದವನ್ನು ನೇರವಾಗಿ ಹಿಡಿದರೇ, ಷಡ್ಜದಿಂದ ಜಾರಿಸಿ ತಂದರೇ ಎಂದು ಕಿವಿ ಯೋಚಿಸುವಷ್ಟರಲ್ಲಿ ಅವರು ಮುಂದಿನ ಆವರ್ತಕ್ಕೆ ಹೋಗಿರುತ್ತಾರೆ.

ನಿಧಾನ ಮಾಡಿ ಕೇಳಬೇಕು ಎಂಬ ಆಸೆ ಹೊಸದಲ್ಲ. ಎರಡು ವೇಗದ ಸ್ಪೂಲ್ ಟೇಪ್ ರೆಕಾರ್ಡರ್ ಇದ್ದವರು ವೇಗದ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ ಕೇಳಬಹುದಿತ್ತು. ಆದರೆ ಟೇಪು ಅರ್ಧ ವೇಗದಲ್ಲಿ ಓಡಿದರೆ ಸೆಕೆಂಡಿಗೆ 140 ಸಲ ಕಂಪಿಸುತ್ತಿದ್ದ ಷಡ್ಜ 70 ಸಲ ಕಂಪಿಸುತ್ತದೆ, ಅಂದರೆ ಹಾಡು ಪೂರ್ತಿಯಾಗಿ ಮಂದ್ರ ಷಡ್ಜಕ್ಕೆ ಇಳಿಯುತ್ತದೆ. ಮುಕ್ಕಾಲು ವೇಗಕ್ಕೆ ತಂದರೆ ಷಡ್ಜ ಮಂದ್ರ ಪಂಚಮದಲ್ಲಿ ಹೋಗಿ ಕೂರುತ್ತದೆ. ಈ ಎರಡಾದರೂ ಸ್ವರಸ್ಥಾನಗಳು, ವಾದ್ಯವನ್ನು ಮತ್ತೆ ಶ್ರುತಿ ಮಾಡಿಕೊಂಡು ಹೇಗೋ ಸಂಭಾಳಿಸಬಹುದು. ವೇಗವನ್ನು ಶೇಕಡಾ 80ಕ್ಕೋ 90ಕ್ಕೋ ಇಳಿಸಿದಿರೋ, ಪ್ರತಿ ಸಲವೂ ಬೇರೊಂದು ಶ್ರುತಿ. ಕಾಲವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಸಾಧನೆ ಮಾಡುವವನಿಗೆ ಇದರಿಂದ ಏನೂ ಉಪಯೋಗವಿಲ್ಲ.

ಕಾಲವನ್ನೂ ಶ್ರುತಿಯನ್ನೂ ಬೇರೆ ಮಾಡುವ ಉಪಾಯದ ಬೇರು 1940ರ ದಶಕದಲ್ಲಿದೆ. ಧ್ವನಿಯನ್ನು ಅತಿ ಸಣ್ಣ ತುಣುಕುಗಳ ಸರಣಿಯಾಗಿ ಕಾಣಬಹುದು ಎಂದು ಡೆನಿಸ್ ಗಾಬರ್ 1946ರಲ್ಲಿ ಬರೆದರು. 1954ರಲ್ಲಿ ಅಮೆರಿಕದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು ತಿರುಗುವ ಹೆಡ್ ಇರುವ ಟೇಪ್ ಯಂತ್ರದಲ್ಲಿ ಇದನ್ನು ಮಾಡಿ ತೋರಿಸಿದರು. ಇಂದು ನಮ್ಮ ಫೋನು, ಕಂಪ್ಯೂಟರುಗಳು ಮಾಡುವ ಕೆಲಸದಲ್ಲಿ ಬಹುಪಾಲು ಆ ದಾರಿಯದೇ ಮುಂದುವರಿಕೆ.

ಕೆಲಸ ನಡೆಯುವುದು ಹೀಗೆ. ರೆಕಾರ್ಡಿಂಗನ್ನು ಸುಮಾರು 80 ಮಿಲಿಸೆಕೆಂಡಿನ ತುಣುಕುಗಳಾಗಿ ತೆಗೆದುಕೊಳ್ಳುತ್ತಾರೆ. 140ರ ಷಡ್ಜವಾದರೆ ಅಂಥ ಒಂದು ತುಣುಕಿನೊಳಗೆ ಹನ್ನೊಂದು ಅಲೆಗಳಿರುತ್ತವೆ. ತುಣುಕಿನ ಒಳಗನ್ನು ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಶ್ರುತಿ ಕದಲುವುದಿಲ್ಲ. ಬದಲಾಗುವುದು ತುಣುಕುಗಳನ್ನು ಎಲ್ಲಿಂದ ಎತ್ತುತ್ತೇವೆ ಎಂಬುದು ಮಾತ್ರ. ಅರ್ಧ ಕಾಲಕ್ಕೆ ಇಳಿಸಬೇಕಾದರೆ ಮೊದಲ ತುಣುಕಾದ ಮೇಲೆ 80 ಮಿಲಿಸೆಕೆಂಡ್ ಮುಂದೆ ಹೋಗುವ ಬದಲು 40 ಮಾತ್ರ ಮುಂದೆ ಹೋಗಿ ಎರಡನೆಯದನ್ನು ಎತ್ತುತ್ತಾರೆ. ಹೀಗೆ ಮೂಲದ ಪ್ರತಿ ಭಾಗವೂ ಎರಡು ಸಲ ಬಳಕೆಯಾಗಿ ಹಾಡು ಎರಡರಷ್ಟು ಉದ್ದವಾಗುತ್ತದೆ. ಬರೀ ಪಕ್ಕಪಕ್ಕ ಇಟ್ಟರೆ ಸೇರುವ ಜಾಗದಲ್ಲಿ ಟಿಕ್ ಟಿಕ್ ಎನ್ನುತ್ತದೆ. ಅದಕ್ಕಾಗಿ ಮಾಡಿಗೆ ಹೆಂಚು ಹೊದಿಸುವ ಹಾಗೆ ಒಂದರ ಅಂಚನ್ನು ಇನ್ನೊಂದರ ಮೇಲೆ ಸ್ವಲ್ಪ ಏರಿಸಿ, ಹಳೆಯದನ್ನು ಕರಗಿಸುತ್ತ ಹೊಸದನ್ನು ಎಬ್ಬಿಸುತ್ತಾರೆ. ಅದಕ್ಕೂ ಮೊದಲು ತುಣುಕನ್ನು ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ, ಎರಡರ ಅಲೆಗಳ ಏರಿಳಿತ ಎಲ್ಲಿ ಒಂದಕ್ಕೊಂದು ಹೊಂದುತ್ತದೋ ಆ ಜಾಗವನ್ನು ಹುಡುಕುತ್ತಾರೆ. ಈ ಹುಡುಕಾಟ ಚೆನ್ನಾಗಿ ನಡೆದರೆ ಬೆಸುಗೆ ಕೇಳಿಸುವುದೇ ಇಲ್ಲ.

ಒಂಟಿ ಪಿಟೀಲೋ ಒಂಟಿ ಕಂಠವೋ ಆದರೆ ಹುಡುಕಾಟ ಸುಲಭ. ಕಛೇರಿಯ ರೆಕಾರ್ಡಿಂಗಿನಲ್ಲಿ ಕಂಠ, ಪಿಟೀಲು, ತಂಬೂರಿ, ಮೃದಂಗ ಎಲ್ಲವೂ ಒಂದೇ ಅಲೆಯಲ್ಲಿ ಬೆರೆತಿರುತ್ತವೆ. ಕಂಠಕ್ಕೆ ಹೊಂದುವ ಜಾಗ ತಂಬೂರಿಗೆ ಹೊಂದುವುದಿಲ್ಲ, ಹಾಗಾಗಿ ತಂಬೂರಿ ಒರಟಾಗುತ್ತದೆ. ಮೃದಂಗದ ಪಾಡು ಇನ್ನೂ ಕಷ್ಟ. ಒಂದು ಪೆಟ್ಟು ಅಕ್ಕಪಕ್ಕದ ಎರಡು ತುಣುಕುಗಳಲ್ಲೂ ಸೇರಿಕೊಂಡಿದ್ದರೆ 40 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಸಲ ಕೇಳುತ್ತದೆ. ‘ತ’ ಎಂದು ಬಿದ್ದ ಪೆಟ್ಟು ‘ತತ’ ಎಂದಾಗುತ್ತದೆ. ಇದನ್ನು ವಿದ್ವಾಂಸರ ನುಡಿಕಾರ ಎಂದುಕೊಂಡು ಅಭ್ಯಾಸ ಮಾಡಿದ ಮೃದಂಗ ವಿದ್ಯಾರ್ಥಿ ಇಲ್ಲದ್ದನ್ನೇ ಕಲಿತಂತೆ.

ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅಪಾಯ ಜಾರಿನಲ್ಲಿದೆ. ಕಾಲು ವೇಗಕ್ಕೆ ಇಳಿಸಿದರೆ ಪ್ರತಿ ತುಣುಕೂ 20 ಮಿಲಿಸೆಕೆಂಡ್ ಮಾತ್ರ ಮುಂದಿನದು. ಒಂದೊಂದು ತುಣುಕಿನೊಳಗೂ ಜಾರು ತನ್ನ ಮೂಲ ವೇಗದಲ್ಲೇ 80 ಮಿಲಿಸೆಕೆಂಡ್ ಏರುತ್ತದೆ, ಮುಂದಿನ ತುಣುಕು ಶುರುವಾಗುತ್ತಲೇ ಹಿಂದಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ಹಾಡಿದವರು ನುಣ್ಣಗೆ ಜಾರಿಸಿದ ಸ್ವರಕ್ಕೆ ಸೆಕೆಂಡಿಗೆ ಹನ್ನೆರಡರಷ್ಟು ಸುಳ್ಳು ನಡುಕ ಅಂಟಿಕೊಳ್ಳುತ್ತದೆ. ಇದು ಕಂಪಿತವೋ ಯಂತ್ರದ ಕೈವಾಡವೋ ಎಂದು ತಿಳಿಯಲು ಅದೇ ಜಾಗವನ್ನು ಎರಡು ವೇಗದಲ್ಲಿ ಕೇಳಿ ನೋಡಿ. ನಿಜವಾದ ಗಮಕ ವೇಗದ ಜೊತೆಗೇ ನಿಧಾನವಾಗುತ್ತದೆ. ಸುಳ್ಳು ನಡುಕ ಯಾವ ವೇಗದಲ್ಲಿಟ್ಟರೂ ಹೆಚ್ಚುಕಡಿಮೆ ಅದೇ ಓಟದಲ್ಲಿರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಇದನ್ನು ಮಾಡಬೇಕೆಂದರೆ ಮೊದಲು ಆ ಒಂದು ಆವರ್ತವನ್ನು, ಅದಕ್ಕೆ ಮುಂಚಿನ ಎರಡು ಅಕ್ಷರಗಳ ಸಮೇತ, ಆಯ್ದುಕೊಳ್ಳಿ. ಎಡುಪು ಎಲ್ಲಿದೆ ಎಂಬುದು ತಪ್ಪಬಾರದು. ಆಮೇಲೆ `Change Tempo` ತೆರೆದು `Percent Change` ಎಂಬಲ್ಲಿ -50 ಎಂದು ಬರೆಯಿರಿ. `Use high quality stretching (slow)` ಎಂಬ ಚೌಕಕ್ಕೆ ಗುರುತು ಹಾಕಿದರೆ ಬೇರೊಂದು ವಿಧಾನ ಬಳಕೆಯಾಗುತ್ತದೆ. ಕಾಯುವುದು ಜಾಸ್ತಿಯಾದರೂ ಕಂಠಕ್ಕೂ ಪಿಟೀಲಿಗೂ ಅದೇ ಮೇಲು. ಪಕ್ಕದಲ್ಲೇ ಇರುವ `Change Speed and Pitch` ಒತ್ತಿದರೆ ಹಳೆಯ ಟೇಪಿನ ಹಾಗೆ ಶ್ರುತಿಯೂ ಇಳಿಯುತ್ತದೆ, ಎಚ್ಚರ. ತಂಬೂರಿ ಆಪನ್ನು ಗಾಯಕರ ಶ್ರುತಿಗೆ ಹಾಕಿ ಜೊತೆಗಿಟ್ಟುಕೊಂಡರೆ ಇಂಥ ತಪ್ಪು ಕೂಡಲೇ ಕಿವಿಗೆ ಹೊಡೆಯುತ್ತದೆ. ಯೂಟ್ಯೂಬಿನಲ್ಲಿ `Playback speed` 0.5 ಇಟ್ಟರೂ ಶ್ರುತಿ ಉಳಿಯುತ್ತದೆ, ಒಂದು ಸಲ ಕೇಳಿ ನೋಡಲು ಅಷ್ಟು ಸಾಕು.

ಈಗ ‘ನಿದಮಗ ಮದನಿಸ’ದ ಒಂದೊಂದು ಸ್ವರಕ್ಕೂ 0.2 ಸೆಕೆಂಡ್ ಸಿಕ್ಕಿತು. ಮೊದಲ ನಿಷಾದ ಷಡ್ಜವನ್ನು ಬರೀ ಸೋಕಿ ಇಳಿಯುವುದು ಈಗ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅದೇ ವಿದ್ವಾಂಸರು ಈ ಸ್ವರಗಳನ್ನು ಎರಡನೆಯ ಕಾಲದಲ್ಲಿ ಹಾಡಿದ್ದರೆ ಹೀಗೆ ಹಾಡುತ್ತಿರಲಿಲ್ಲ. ಅವಕಾಶ ಸಿಕ್ಕಷ್ಟೂ ನಿಷಾದಕ್ಕೆ ತೂಗು ಹೆಚ್ಚುತ್ತದೆ. ಓಟ ಹೆಚ್ಚಿದಷ್ಟೂ ಗಮಕ ಮೊಟಕಾಗಿ ಒಂದು ಸೋಕಿಗೆ ಬಂದು ನಿಲ್ಲುತ್ತದೆ. ಯಂತ್ರ ಕೊಟ್ಟದ್ದು ಮೂರನೆಯ ಕಾಲದ ಹಿಗ್ಗಿದ ಚಿತ್ರವೇ ಹೊರತು ಎರಡನೆಯ ಕಾಲದ ಹಾಡುಗಾರಿಕೆಯಲ್ಲ. ಇದನ್ನು ಕೇಳಿ ವಿಳಂಬದಲ್ಲಿ ಕಲ್ಯಾಣಿ ನುಡಿಸಿದರೆ ರಾಗ ಬಡವಾಗುತ್ತದೆ.

ಪಿಟೀಲಿನವರು ಕಮಾನಿನ ವಿಷಯದಲ್ಲೂ ಇದನ್ನೇ ನೆನಪಿಡಬೇಕು. ಅರ್ಧ ವೇಗದಲ್ಲಿ ಸ್ವರಕ್ಕೊಂದು ಕಮಾನು ಹಾಕಿ ನುಡಿಸಲು ಏನೂ ತೊಂದರೆಯಿಲ್ಲ. ಮೂಲ ವೇಗದಲ್ಲಿ ನಾಲ್ಕು ಸ್ವರ ಒಂದೇ ಎಳೆತದಲ್ಲಿ ಬರುವುದಾದರೆ ಅರ್ಧದಲ್ಲೂ ಆ ನಾಲ್ಕನ್ನೂ ಒಂದೇ ಎಳೆತದಲ್ಲಿ ತರಬೇಕು, ಬೆರಳನ್ನೂ ಆ ವೇಗಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು. ಹಾಗೆ ಮಾಡದವರ ಕೈ ಶೇಕಡಾ 80ರ ಆಸುಪಾಸಿನಲ್ಲಿ ಒಮ್ಮೆಗೇ ತೊಡರುತ್ತದೆ. ಆಗ ವೇಗವನ್ನು ಇನ್ನೂ ಇಳಿಸಿ ಪ್ರಯೋಜನವಿಲ್ಲ. ಕಮಾನು ಎಲ್ಲಿ ತಿರುಗುತ್ತದೆ ಎಂದು ಗುರುತು ಹಾಕಿಕೊಂಡು ಮತ್ತೆ 50ರಿಂದ ಹೊರಟು, ಐದೈದರಂತೆ ಏರಿಸುತ್ತ ಬನ್ನಿ.