ಸಿಇಒ ಸಂಬಳ: ಯಾವುದಕ್ಕೆ, ಎಷ್ಟು, ಯಾವಾಗ?

2003ರ ಜುಲೈನಲ್ಲಿ ಮೈಕ್ರೋಸಾಫ್ಟ್ ಕಂಪನಿ ಸ್ಟಾಕ್ ಆಪ್ಷನ್ ಕೊಡುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಅದರ ಸಾವಿರಾರು ನೌಕರರು ಶ್ರೀಮಂತರಾದದ್ದೇ ಈ ಆಪ್ಷನ್‌ಗಳಿಂದ. ಇನ್ನು ಮುಂದೆ ಅವುಗಳ ಬದಲು ನೇರವಾಗಿ ಷೇರುಗಳನ್ನೇ ಕೊಡುತ್ತೇವೆ, ಅವು ಐದು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುತ್ತವೆ ಎಂದು ಕಂಪನಿ ಹೇಳಿತು. ಸುಮಾರು 600 ಮಂದಿ ಹಿರಿಯ ಅಧಿಕಾರಿಗಳಿಗೆ ಇನ್ನೊಂದು ಷರತ್ತೂ ಇತ್ತು: ಅವರಿಗೆ ಎಷ್ಟು ಷೇರು ಸಿಗುತ್ತದೆ ಎಂಬುದು ಗ್ರಾಹಕರ ಸಂಖ್ಯೆ ಮತ್ತು ಗ್ರಾಹಕರ ತೃಪ್ತಿಯನ್ನು ಅವಲಂಬಿಸಿತ್ತು. ಸಂಬಳದ ಪತ್ರದಲ್ಲಿ ಒಂದು ಸಾಲು ಬದಲಾಯಿತು, ಅಷ್ಟೇ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಆ ಸಾಲು ಬದಲಾದರೆ ಕಂಪನಿ ನಡೆಸುವವರ ನಿರ್ಧಾರಗಳೂ ಬದಲಾಗುತ್ತವೆ.

ಷೇರುಪೇಟೆಯ ದೊಡ್ಡ ಕಂಪನಿಗಳಲ್ಲಿ ಹಣ ಹಾಕಿದವರು ಒಬ್ಬರು, ಆಳುವವರು ಇನ್ನೊಬ್ಬರು. ಚಿಕ್ಕಮಗಳೂರಿನ ಕಾಫಿ ತೋಟದ ಮಾಲೀಕ ಬೆಂಗಳೂರಿನಲ್ಲಿದ್ದು, ತೋಟವನ್ನು ಮ್ಯಾನೇಜರ್ ಕೈಗೆ ಬಿಟ್ಟ ಹಾಗೆ. ಈ ವರ್ಷದ ಫಸಲಿನ ಮೇಲೆ ಮಾತ್ರ ಇನಾಮು ಎಂದರೆ ಗೊಬ್ಬರಕ್ಕೂ ಚಿಗುರು ತೆಗೆಯುವುದಕ್ಕೂ ಮಾಡುವ ಖರ್ಚನ್ನು ಉಳಿಸುವ ಆಸೆ ಮ್ಯಾನೇಜರ್‌ಗೆ ಸಹಜವಾಗಿಯೇ ಬರುತ್ತದೆ. 1976ರಲ್ಲಿ ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಸಿದ್ಧಾಂತದ ರೂಪಕ್ಕೆ ತಂದರು. ಅದಕ್ಕೆ ಏಜೆನ್ಸಿ ಸಮಸ್ಯೆ ಎಂದು ಹೆಸರು. ಮ್ಯಾನೇಜರ್ ದಿನವಿಡೀ ಏನು ಮಾಡುತ್ತಾನೆ ಎಂದು ಷೇರುದಾರ ಕಾವಲು ಕಾಯಲಾರ. ಹಾಗಾಗಿ ಇಬ್ಬರ ಹಿತವೂ ಒಂದೇ ಕಡೆ ಇರುವಂತೆ ಸಂಬಳವನ್ನು ಹೊಂದಿಸುವುದು ಅವನಿಗಿರುವ ಒಂದು ದಾರಿ.

ಇದಕ್ಕೆ ಬಳಕೆಯಲ್ಲಿರುವ ಉಪಾಯಗಳಲ್ಲಿ ಹಳೆಯದು, ಸರಳವಾದದ್ದು ಲಾಭದ ಮೇಲಿನ ಬೋನಸ್. ಗುರಿ ಮುಟ್ಟಿದರೆ ಹಣ, ಇಲ್ಲದಿದ್ದರೆ ಇಲ್ಲ. ಷೇರುಪೇಟೆಯ ಏರಿಳಿತ ಇದನ್ನು ನೇರವಾಗಿ ಮುಟ್ಟುವುದಿಲ್ಲ ಎಂಬುದು ಇದರ ಗುಣ. ದೋಷ ಏನೆಂದರೆ, ಲಾಭ ಎಂಬ ಅಂಕಿಯನ್ನು ಲೆಕ್ಕಪತ್ರದಲ್ಲಿ ಬರೆಯುವುದು ಆ ಬೋನಸ್ ಪಡೆಯುವವರ ಕೈಕೆಳಗಿನವರೇ. ಅಮೆರಿಕದ ಮೂವರು ಸಂಶೋಧಕರು 401 ಮಂದಿ ಹಣಕಾಸು ಅಧಿಕಾರಿಗಳನ್ನು ಮಾತನಾಡಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲಾಭದ ಗುರಿ ಮುಟ್ಟಲು ಸಂಶೋಧನೆ, ಜಾಹೀರಾತು, ಯಂತ್ರಗಳ ನಿರ್ವಹಣೆಯಂಥ ಖರ್ಚನ್ನು ಕಡಿತಗೊಳಿಸುತ್ತೇವೆ ಎಂದು ಅವರಲ್ಲಿ ಶೇ 80ರಷ್ಟು ಮಂದಿ ಒಪ್ಪಿಕೊಂಡಿದ್ದರು. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲ. ಈ ವರ್ಷ ಬೋನಸ್ ಕೈಗೆ ಬರುತ್ತದೆ, ಅದರ ಬೆಲೆಯನ್ನು ಕಂಪನಿ ಮೂರು ವರ್ಷದ ನಂತರ ತೆರುತ್ತದೆ.

ಬೋನಸ್‌ನ ಈ ದೋಷಕ್ಕೆ ಪರಿಹಾರವಾಗಿ ಕಂಡದ್ದು ಸ್ಟಾಕ್ ಆಪ್ಷನ್. 1990ರಲ್ಲಿ ಜೆನ್ಸನ್ ಮತ್ತು ಕೆವಿನ್ ಮರ್ಫಿ ಒಂದು ಲೆಕ್ಕ ಮುಂದಿಟ್ಟರು: ಅಮೆರಿಕದಲ್ಲಿ ಷೇರುದಾರರ ಸಂಪತ್ತು 1,000 ಡಾಲರ್ ಹೆಚ್ಚಿದರೆ ಸಿಇಒ ಸಂಪತ್ತು ಹೆಚ್ಚುತ್ತಿದ್ದುದು ಕೇವಲ 3.25 ಡಾಲರ್. ಅದೇ ದಶಕದಲ್ಲಿ ಅಲ್ಲಿ ಆಪ್ಷನ್‌ಗಳು ಪ್ರವಾಹದಂತೆ ಹರಿದವು. 1993ರ ತೆರಿಗೆ ಕಾಯ್ದೆಯೂ ಅದಕ್ಕೆ ಇಂಬು ಕೊಟ್ಟಿತು. ಉನ್ನತ ಅಧಿಕಾರಿಗೆ ಕೊಡುವ 10 ಲಕ್ಷ ಡಾಲರ್ ಮೀರಿದ ಸಂಬಳಕ್ಕೆ ಕಂಪನಿಗೆ ತೆರಿಗೆ ವಿನಾಯಿತಿ ಇಲ್ಲ, ಆದರೆ ಸಾಧನೆಗೆ ಕೊಡುವ ಪ್ರತಿಫಲಕ್ಕೆ ಈ ಮಿತಿ ಅನ್ವಯಿಸುವುದಿಲ್ಲ ಎಂದಿತು ಆ ಕಾಯ್ದೆ. ಆಪ್ಷನ್‌ಗಳು ಈ ಎರಡನೆಯ ಪಟ್ಟಿಯಲ್ಲಿ ಸುಲಭವಾಗಿ ಜಾಗ ಪಡೆದವು.

ಆಪ್ಷನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಷೇರಿನ ಇಂದಿನ ಬೆಲೆ 100 ರೂಪಾಯಿ. ಮುಂದೆ ಯಾವಾಗಲಾದರೂ ಇದೇ 100 ರೂಪಾಯಿಗೆ ಒಂದು ಲಕ್ಷ ಷೇರು ಕೊಳ್ಳುವ ಹಕ್ಕನ್ನು ಸಿಇಒಗೆ ಕೊಡಲಾಗಿದೆ. ಬೆಲೆ 150 ಆದರೆ ಅವರಿಗೆ 50 ಲಕ್ಷ ಲಾಭ. 60ಕ್ಕೆ ಇಳಿದರೆ ಅವರು ಹಕ್ಕು ಚಲಾಯಿಸದೆ ಸುಮ್ಮನಿರುತ್ತಾರೆ. ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಈಗ ಅವರ ಮೇಜಿನ ಮೇಲೆ ಒಂದು ಯೋಜನೆ ಬಂದಿದೆ. ಗೆದ್ದರೆ ಷೇರು 150ಕ್ಕೆ ಏರುತ್ತದೆ, ಸೋತರೆ 30ಕ್ಕೆ ಕುಸಿಯುತ್ತದೆ. ಎರಡಕ್ಕೂ ಸಮಾನ ಸಾಧ್ಯತೆ. ಸರಾಸರಿ ತೆಗೆದರೆ 90. ಅಂದರೆ ಷೇರುದಾರನ ಪಾಲಿಗೆ ಇದು 10 ರೂಪಾಯಿ ನಷ್ಟದ ಯೋಜನೆ, ಕೈಬಿಡುವುದೇ ಸರಿ. ಆಪ್ಷನ್ ಇರುವ ಸಿಇಒಗೆ ಮಾತ್ರ ಗೆದ್ದರೆ 50 ಲಕ್ಷ, ಸೋತರೆ ಸೊನ್ನೆ, ಸರಾಸರಿ 25 ಲಕ್ಷ. ಕೈಬಿಟ್ಟರೆ ಏನೂ ಇಲ್ಲ. ಅವರಿಗೆ ಆಪ್ಷನ್ ಬದಲು 40,000 ಷೇರುಗಳನ್ನೇ ಕೊಟ್ಟಿದ್ದರೆ? ಅವುಗಳ ಇಂದಿನ ಬೆಲೆ 40 ಲಕ್ಷ. ಯೋಜನೆಗೆ ಕೈಹಾಕಿದರೆ ಸರಾಸರಿ 36 ಲಕ್ಷ. ಅದೇ ವ್ಯಕ್ತಿ ಅದೇ ಯೋಜನೆಗೆ ಬೇಡ ಎನ್ನುತ್ತಾರೆ. ಕಂಪನಿಗಳು ಆಪ್ಷನ್‌ನಿಂದ ಷೇರಿನತ್ತ ಹೊರಳಲು ಈ ಲೆಕ್ಕ ಒಂದು ಬಲವಾದ ಕಾರಣ. ಮೈಕ್ರೋಸಾಫ್ಟ್‌ಗೆ ಇನ್ನೂ ಒಂದು ಕಾರಣವಿತ್ತು. ತಂತ್ರಜ್ಞಾನ ಷೇರುಗಳು ಕುಸಿದ ಮೇಲೆ ಎಷ್ಟೋ ನೌಕರರ ಆಪ್ಷನ್ ದರ ಪೇಟೆಯ ದರಕ್ಕಿಂತ ಮೇಲೆಯೇ ಉಳಿದಿತ್ತು. ಬೆಲೆಯಿಲ್ಲದ ಹಕ್ಕುಪತ್ರ ಯಾರನ್ನೂ ಹುರಿದುಂಬಿಸುವುದಿಲ್ಲ.

ಹಾಗಾದರೆ ದೀರ್ಘಾವಧಿಯ ಷೇರು ಪ್ರತಿಫಲವೇ ಉತ್ತರವೇ? ಬ್ರಿಟನ್ನಿನ ಮನೆ ನಿರ್ಮಾಣ ಕಂಪನಿ ಪರ್ಸಿಮನ್ ಕಲಿತ ಪಾಠ ಬೇರೆಯೇ. ಅದು 2012ರಲ್ಲಿ ಸುಮಾರು ಹತ್ತು ವರ್ಷದ ಅವಧಿಯ ಯೋಜನೆಯೊಂದನ್ನು ರೂಪಿಸಿತು. ಷೇರುದಾರರಿಗೆ ಷೇರೊಂದಕ್ಕೆ 6.20 ಪೌಂಡ್ ಹಿಂದಿರುಗಿಸುವುದು ಗುರಿ. ಅದನ್ನು ಮುಟ್ಟಿದಂತೆಲ್ಲ ಅಧಿಕಾರಿಗಳಿಗೆ ಷೇರು. ಮರುವರ್ಷವೇ ಬ್ರಿಟನ್ ಸರ್ಕಾರ ಹೊಸ ಮನೆ ಕೊಳ್ಳುವವರಿಗೆ ಸಾಲದ ನೆರವು ನೀಡುವ ಯೋಜನೆ ತಂದಿತು. ಮನೆಗಳು ಬಿರುಸಿನಿಂದ ಮಾರಾಟವಾದವು, ಷೇರಿನ ಬೆಲೆ ಏರಿತು. ಸಿಇಒ ಜೆಫ್ ಫೇರ್‌ಬರ್ನ್ ಅವರಿಗೆ ಸಿಗುವ ಮೊತ್ತ 10 ಕೋಟಿ ಪೌಂಡ್ ದಾಟಿತು. ಯೋಜನೆಗೆ ಗರಿಷ್ಠ ಮಿತಿಯೇ ಇರಲಿಲ್ಲ. ಮಿತಿ ಹಾಕದ ತಪ್ಪಿಗೆ ಅಧ್ಯಕ್ಷ ನಿಕೋಲಸ್ ರಿಗ್ಲಿ 2017ರ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಮೊತ್ತವನ್ನು ಸುಮಾರು 7.5 ಕೋಟಿ ಪೌಂಡ್‌ಗೆ ಇಳಿಸಿದ ಮೇಲೂ ಜನರ ಸಿಟ್ಟು ತಣಿಯದೆ, 2018ರಲ್ಲಿ ಫೇರ್‌ಬರ್ನ್ ಕೂಡ ಹೊರನಡೆಯಬೇಕಾಯಿತು. 2019ರಲ್ಲಿ ಪ್ರಕಟವಾದ ಸ್ವತಂತ್ರ ಪರಿಶೀಲನಾ ವರದಿ, ಕಂಪನಿ ಕಟ್ಟಿದ ಮರದ ಚೌಕಟ್ಟಿನ ಮನೆಗಳಲ್ಲಿ ಬೆಂಕಿ ಹರಡದಂತೆ ತಡೆಯುವ ಅಡ್ಡಪಟ್ಟಿಗಳು ದೇಶದ ಹಲವೆಡೆ ಇರಲೇ ಇಲ್ಲ ಅಥವಾ ಸರಿಯಾಗಿ ಕೂರಿಸಿರಲಿಲ್ಲ ಎಂದಿತು. ಹತ್ತು ವರ್ಷದ ಆ ಗುರಿಯಲ್ಲಿ ಹಣ ಹಿಂದಿರುಗಿಸುವ ಮಾತಿತ್ತೇ ಹೊರತು ಮನೆಯ ಗುಣಮಟ್ಟದ ಮಾತಿರಲಿಲ್ಲ.

ಪರ್ಸಿಮನ್‌ನಲ್ಲಿ ಅವಧಿ ಸಾಕಷ್ಟು ಉದ್ದವಿತ್ತು, ತಪ್ಪಿದ್ದು ಅಳತೆಗೋಲು. ಅದೃಷ್ಟವನ್ನೂ ಸಾಧನೆಯನ್ನೂ ಬೇರ್ಪಡಿಸಲು ಒಂದು ಉಪಾಯವಿದೆ: ಕಂಪನಿಯ ಷೇರು ಎಷ್ಟು ಏರಿತು ಎಂದು ನೋಡುವ ಬದಲು, ಅದೇ ಉದ್ಯಮದ ಬೇರೆ ಕಂಪನಿಗಳಿಗಿಂತ ಎಷ್ಟು ಹೆಚ್ಚು ಏರಿತು ಎಂದು ನೋಡುವುದು. ಬೆಂಗಳೂರಿನ ಇನ್ಫೊಸಿಸ್ ತನ್ನ ಸಿಇಒ ಸಲೀಲ್ ಪಾರೇಖ್ ಅವರ ಷೇರು ಪ್ರತಿಫಲವನ್ನು ಹಲವು ಭಾಗ ಮಾಡಿರುವುದರ ಹಿಂದೆ ಈ ವಿಚಾರವೂ ಇದೆ. ಒಂದು ಭಾಗ ಸೇವಾವಧಿ ಪೂರೈಸಿದ್ದಕ್ಕೆ, ದೊಡ್ಡ ಭಾಗ ಕಂಪನಿಯ ಗುರಿ ಮುಟ್ಟಿದ್ದಕ್ಕೆ, ಒಂದು ಸಣ್ಣ ಭಾಗ ಪರಿಸರ ಮತ್ತು ಆಡಳಿತದ ಗುರಿಗಳಿಗೆ, ಇನ್ನೊಂದು ಷೇರುದಾರರಿಗೆ ದೊರೆತ ಪ್ರತಿಫಲವನ್ನು ಇತರರದ್ದರೊಂದಿಗೆ ತೂಗಿ ನೋಡಿ. 2024–25ರಲ್ಲಿ ಅವರಿಗೆ ಸಂದ 80.62 ಕೋಟಿ ರೂಪಾಯಿಯಲ್ಲಿ ಸುಮಾರು 49.5 ಕೋಟಿ ಬಂದದ್ದು ಷೇರುಗಳಿಂದಲೇ.

ಸಂಬಳದ ವಿವರ ಪ್ರತಿ ವರ್ಷ ಕಂಪನಿಯ ವಾರ್ಷಿಕ ವರದಿಯಲ್ಲಿ ಬರುತ್ತದೆ. ಅದನ್ನು ಓದುವಾಗ ಒಟ್ಟು ಮೊತ್ತ ಕಂಡು ಬೆರಗಾಗುವುದಕ್ಕಿಂತ ಮೂರು ಸಂಗತಿ ಹುಡುಕುವುದು ಒಳ್ಳೆಯದು: ಅಳತೆಗೋಲು ಯಾವುದು, ಗರಿಷ್ಠ ಮಿತಿ ಇದೆಯೇ, ತಪ್ಪು ಬಯಲಾದರೆ ಕೊಟ್ಟದ್ದನ್ನು ಹಿಂಪಡೆಯುವ ಅಧಿಕಾರ ಇದೆಯೇ. ಮೂರನೆಯದು ಕಾಗದದ ಮಾತಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ನಕಲಿ ಖಾತೆಗಳ ಹಗರಣ ಹೊರಬಿದ್ದಾಗ ಸಿಇಒ ಜಾನ್ ಸ್ಟಂಫ್ ಸುಮಾರು 6.9 ಕೋಟಿ ಡಾಲರ್ ಕಳೆದುಕೊಂಡರು.

ಷೇರುದಾರರಿಗೆ ಮತದ ಬಲವೂ ಇದೆ. ರಾಯಲ್ ಎನ್‌ಫೀಲ್ಡ್ ಬೈಕ್ ತಯಾರಿಸುವ ಐಷರ್ ಮೋಟರ್ಸ್‌ನಲ್ಲಿ 2021ರ ಆಗಸ್ಟ್‌ನಲ್ಲಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ನಿರ್ಣಯಕ್ಕೆ ಬೇಕಿದ್ದ ಶೇ 75ರಷ್ಟು ಮತ ಬೀಳಲಿಲ್ಲ. ಸಂಬಳದ ಗರಿಷ್ಠ ಮಿತಿಯನ್ನು ಲಾಭದ ಶೇ 3ರಿಂದ ಶೇ 1.5ಕ್ಕೆ ಇಳಿಸಿ ಕಂಪನಿ ಮತ್ತೆ ಷೇರುದಾರರ ಮುಂದೆ ಬಂತು. ಡಿಮ್ಯಾಟ್ ಖಾತೆಯಲ್ಲಿ ಕಂಪನಿಯ ಷೇರು ಇದ್ದು, ಇಮೇಲ್ ನೋಂದಾಯಿಸಿದವರಿಗೆ ಇ-ಮತದಾನದ ಸೂಚನೆ ಇಮೇಲ್‌ಗೆ ಬರುತ್ತದೆ. ಮುಂದಿನ ಬಾರಿ ಅದನ್ನು ತೆರೆಯದೆ ಅಳಿಸಬೇಡಿ, ಸಂಬಳದ ನಿರ್ಣಯ ಓದಿ ಮತ ಹಾಕಿ.