ಡಾಕ್ಟರು ಕೊಟ್ಟ ಡೇಟು ಬದಲಾಗುವುದೇಕೆ?

ಬಸುರಿಯನ್ನು ಡಾಕ್ಟರು ಮೊದಲು ಕೇಳುವುದು ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು. ಮುಟ್ಟು ಶುರುವಾದ ಆ ಮೊದಲ ದಿನದಿಂದಲೇ ಬಸಿರಿನ ವಾರಗಳ ಎಣಿಕೆ. ಗರ್ಭ ನಿಂತದ್ದು ಅದಾಗಿ ಸುಮಾರು ಎರಡು ವಾರಕ್ಕೆ. ಆದರೆ ಅದು ಯಾವ ದಿನ ಎಂದು ಹೇಳಬಲ್ಲವರು ಕಡಿಮೆ, ಮುಟ್ಟಿನ ದಿನವಾದರೆ ನೆನಪಿರುತ್ತದೆ. ಹಾಗಾಗಿ 'ಎಂಟು ವಾರದ ಬಸಿರು' ಎಂದರೆ ಮಗುವಿಗೆ ನಿಜಕ್ಕೂ ಆರೇ ವಾರ.

ಹೆರಿಗೆಯ ದಿನ ಲೆಕ್ಕ ಹಾಕಲು ಜರ್ಮನಿಯ ವೈದ್ಯ ನೇಗೆಲೆಯ ಹೆಸರಿನ ಸೂತ್ರವೊಂದಿದೆ. ಆ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ ಕೂಡಿಸಿದರಾಯಿತು. ಹೆಚ್ಚುಕಡಿಮೆ 280 ದಿನ, ಅಂದರೆ 40 ವಾರ. ಮುಟ್ಟು 28 ದಿನಕ್ಕೊಮ್ಮೆ ಬರುತ್ತದೆ, 14ನೇ ದಿನದ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ ಎಂದು ಈ ಸೂತ್ರ ನಂಬಿಕೊಂಡಿದೆ. ಎಡವುವುದೂ ಅಲ್ಲೇ.

ಒಬ್ಬಾಕೆಗೆ 2025ರ ಜನವರಿ 10ರಂದು ಮುಟ್ಟಾಯಿತು ಎಂದಿಟ್ಟುಕೊಳ್ಳಿ. ಸೂತ್ರದಂತೆ ಡೇಟು ಅಕ್ಟೋಬರ್ 17. ಮಾರ್ಚ್ 21ಕ್ಕೆ ಸರಿಯಾಗಿ ಹತ್ತು ವಾರ ತುಂಬಬೇಕು. ಆದರೆ ಅಂದಿನ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ನೆತ್ತಿಯಿಂದ ಕುಂಡೆಯವರೆಗಿನ ಉದ್ದ 16 ಮಿಲಿಮೀಟರ್ ಮಾತ್ರ. ರಿಪೋರ್ಟಿನಲ್ಲಿ ಇದನ್ನೇ ಸಿಆರ್‌ಎಲ್ ಎಂದು ಬರೆಯುತ್ತಾರೆ. ಅದು ಎಂಟು ವಾರದ ಅಳತೆ. ಮಗು ಬೆಳೆದಿಲ್ಲವೇನೋ ಎಂದು ಮನೆಯವರು ಗಾಬರಿಯಾಗುವುದು ಸಹಜ. ಹೃದಯ ಚೆನ್ನಾಗಿ ಬಡಿಯುತ್ತಿದೆ. ವಿಚಾರಿಸಿದರೆ, ಆಕೆಗೆ ಮುಟ್ಟು ಬರುವುದೇ ನಲವತ್ತು ದಿನ ಕಳೆದ ಮೇಲೆ. ಅಂಡ ತಡವಾಗಿ ಬಿಡುಗಡೆಯಾಗಿದೆ, ಗರ್ಭವೂ ತಡವಾಗಿ ನಿಂತಿದೆ.

ಮೊದಲ ಮೂರು ತಿಂಗಳಲ್ಲಿ ಭ್ರೂಣಗಳೆಲ್ಲ ಬಹುತೇಕ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆದ್ದರಿಂದ ಉದ್ದ ನೋಡಿ ವಯಸ್ಸು ಹೇಳಬಹುದು, ತಪ್ಪಿದರೂ ಐದಾರು ದಿನ. ಹಾಗೆಂದು ಒಂದೆರಡು ದಿನದ ವ್ಯತ್ಯಾಸಕ್ಕೆಲ್ಲ ಡೇಟು ತಿದ್ದುವುದಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘದ ಪ್ರಕಾರ, ಮುಟ್ಟಿನ ಲೆಕ್ಕದಲ್ಲಿ ಒಂಬತ್ತು ವಾರ ತುಂಬುವ ಮುನ್ನ ಐದು ದಿನಕ್ಕಿಂತ ಹೆಚ್ಚು, ಅಲ್ಲಿಂದ ಹದಿನಾಲ್ಕು ವಾರ ತುಂಬುವ ಮುನ್ನ ಏಳು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಸ್ಕ್ಯಾನಿನ ಮಾತೇ ಅಂತಿಮ. ಈಕೆಯದು ಹದಿನಾಲ್ಕು ದಿನದ ಅಂತರ. ಡೇಟು ಅಕ್ಟೋಬರ್ 31ಕ್ಕೆ ಹೋಗುತ್ತದೆ.

ತಿದ್ದದೆ ಬಿಟ್ಟಿದ್ದರೆ? ಅಕ್ಟೋಬರ್ 24ಕ್ಕೆ ಹಳೆಯ ಲೆಕ್ಕದಲ್ಲಿ 41 ವಾರ. ದಿನ ಮೀರಿತೆಂದು ಔಷಧಿ ಕೊಟ್ಟು ನೋವು ಬರಿಸಲು ಹೊರಡುತ್ತಿದ್ದರು. ನಿಜಕ್ಕೆ ಅಂದು ತುಂಬಿರುವುದು 39 ವಾರ.

ಏಳನೇ ತಿಂಗಳ ನಂತರದ ಸ್ಕ್ಯಾನಿಗೆ ಈ ಅಧಿಕಾರವಿಲ್ಲ. ಆ ಹೊತ್ತಿಗೆ ಒಂದು ಮಗು ದಪ್ಪ, ಇನ್ನೊಂದು ಸಣ್ಣ. ಅಳತೆಯಿಂದ ಹೇಳಿದ ವಯಸ್ಸು ಮೂರು ವಾರದಷ್ಟು ಆಚೀಚೆ ಆಗಬಹುದು. ಆದರೂ ಯಂತ್ರ ಪ್ರತಿ ರಿಪೋರ್ಟಿನಲ್ಲೂ ಹೊಸದೊಂದು ಡೇಟು ಮುದ್ರಿಸುತ್ತದೆ, ಮನೆಮಂದಿ ಅದನ್ನೇ ಹಿಡಿದು ಗೊಂದಲಕ್ಕೆ ಬೀಳುತ್ತಾರೆ. ಮೊದಲ ಸ್ಕ್ಯಾನಿನಲ್ಲಿ ಗಟ್ಟಿಯಾದ ದಿನವನ್ನು ಆಮೇಲೆ ಮುಟ್ಟಬಾರದು. ಎಂಟನೇ ತಿಂಗಳಲ್ಲಿ ಮಗು ಮೂರು ವಾರ ಚಿಕ್ಕದಾಗಿ ಕಂಡಾಗ ಡೇಟನ್ನು ಮುಂದೆ ತಳ್ಳಿಬಿಟ್ಟರೆ, ಅದರ ಬೆಳವಣಿಗೆ ನಿಜಕ್ಕೂ ಕುಂಠಿತವಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.