ಡೈರೆಕ್ಟರ್ ಕಂಪನಿ ಬಿಟ್ಟರೆ ಬ್ಯಾಂಕ್ ಖಾತೆಯ ಸಹಿ ಬದಲಿಸುವುದು ಹೇಗೆ?

ಭಾವ ಮತ್ತು ಮೈದುನ ಸೇರಿ ಉಪ್ಪಳದಲ್ಲಿ ಟೈಲ್ಸ್ ವ್ಯಾಪಾರಕ್ಕೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಡೈರೆಕ್ಟರ್‌ಗಳು ಇಬ್ಬರೇ. ಚೆಕ್‌ಗೆ ಇಬ್ಬರ ಸಹಿಯೂ ಬೇಕು ಎಂದು ಬ್ಯಾಂಕ್‌ನಲ್ಲಿ ಬರೆದುಕೊಟ್ಟಿದ್ದಾರೆ. ಮೈದುನನಿಗೆ ದುಬೈ ವೀಸಾ ಬಂತು. ರಾಜೀನಾಮೆ ಪತ್ರ ಕೊಟ್ಟು ವಿಮಾನ ಹತ್ತಿದ. ಮರುವಾರ ಮಾಲಿನ ಹಣ ಕಟ್ಟಲು ಭಾವ ಚೆಕ್ ಬರೆದರೆ, ಒಂದೇ ಸಹಿ ಎಂದು ಅದು ವಾಪಸ್ ಬಂತು.

ಇದರಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ. ಡೈರೆಕ್ಟರ್ ಆಗಿರುವುದು ಬೇರೆ, ಖಾತೆಗೆ ಸಹಿ ಹಾಕುವ ಅಧಿಕಾರ ಬೇರೆ. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ದಾಖಲೆ ತಾನಾಗಿ ಬದಲಾಗುವುದಿಲ್ಲ. ಕಂಪನಿ ಹಿಂದೆ ಕೊಟ್ಟ ಬೋರ್ಡ್ ನಿರ್ಣಯದಲ್ಲಿ ಏನಿದೆಯೋ, ಹೊಸದು ಬರುವ ತನಕ ಬ್ಯಾಂಕ್ ಅದನ್ನೇ ನೋಡುತ್ತದೆ. ‘ಯಾರಾದರೂ ಒಬ್ಬರು ಸಹಿ ಹಾಕಿದರೆ ಸಾಕು’ ಎಂದು ಬರೆದುಕೊಟ್ಟಿದ್ದರೆ ಅಪಾಯ ಇನ್ನೊಂದು ಬಗೆಯದು: ಹೊರಗೆ ಹೋದವರ ಸಹಿಯ ಚೆಕ್ಕೂ ಪಾಸಾಗುತ್ತಲೇ ಇರುತ್ತದೆ.

ಹಾಗಾದರೆ ಭಾವ ಒಬ್ಬರೇ ಹೊಸ ನಿರ್ಣಯ ಬರೆದು ಕೊಡಬಹುದಲ್ಲ? ಆಗುವುದಿಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರ್‌ಗಳು ಇರಬೇಕು, ಬೋರ್ಡ್ ಸಭೆಯ ಕೋರಂಗೂ ಕನಿಷ್ಠ ಇಬ್ಬರು ಬೇಕು. 174ನೇ ಸೆಕ್ಷನ್ ಪ್ರಕಾರ ಉಳಿದ ಒಬ್ಬರು ಮಾಡಬಹುದಾದದ್ದು ಎರಡೇ: ಕೋರಂ ಆಗುವಷ್ಟು ಡೈರೆಕ್ಟರ್‌ಗಳನ್ನು ಸೇರಿಸಿಕೊಳ್ಳುವುದು ಅಥವಾ ಷೇರುದಾರರ ಸಭೆ ಕರೆಯುವುದು. ಬ್ಯಾಂಕ್ ಸಹಿಯ ನಿರ್ಣಯ ಅದರಲ್ಲಿ ಬರುವುದಿಲ್ಲ.

ಆದ್ದರಿಂದ ಹೊರಡುವವರು ಹೊರಡುವ ಮೊದಲೇ ಕೆಲಸ ಮುಗಿಸಬೇಕು. ಮೈದುನ ಮಾರ್ಚ್ 31ಕ್ಕೆ ಬಿಡುವುದಾದರೆ, ಮಾರ್ಚ್ 10ಕ್ಕೇ ಇಬ್ಬರೂ ಕೂತು ಸಭೆ ಮಾಡಿ ಮೂರನೆಯವರನ್ನು, ಭಾವನ ತಮ್ಮನನ್ನೇ ಆಗಲಿ, ಹೆಚ್ಚುವರಿ ಡೈರೆಕ್ಟರ್ ಆಗಿ ಸೇರಿಸಿಕೊಳ್ಳಬೇಕು. ಇದಕ್ಕೆ ಕಂಪನಿಯ ಆರ್ಟಿಕಲ್ಸ್‌ನಲ್ಲಿ ಅವಕಾಶ ಇರಬೇಕು, ಸೇರುವವರಿಗೆ ಡಿನ್ ನಂಬರ್ ಇರಬೇಕು. ಮಾರ್ಚ್ 31ರ ಸಭೆಯಲ್ಲಿ ರಾಜೀನಾಮೆ ಪತ್ರ ಪಡೆದು ದಾಖಲಿಸಿ, ಅದೇ ದಿನ ಬ್ಯಾಂಕ್ ನಿರ್ಣಯವನ್ನೂ ಮಾಡಬಹುದು. ಎರಡೂ ಬದಲಾವಣೆಗೆ 30 ದಿನದೊಳಗೆ DIR-12 ಫಾರ್ಮ್ ಹಾಕಬೇಕು. ಅಂದರೆ ಸೇರ್ಪಡೆಗೆ ಏಪ್ರಿಲ್ 9, ರಾಜೀನಾಮೆಗೆ ಏಪ್ರಿಲ್ 30 ಕೊನೇ ದಿನ. ಇದನ್ನು ಬಿಟ್ಟರೆ ಬ್ಯಾಂಕಿನವರು ಎಂಸಿಎ ವೆಬ್‌ಸೈಟ್ ತೆರೆದು ನೋಡುವಾಗ ಹಳೇ ಹೆಸರೇ ಕಾಣುತ್ತದೆ, ಅರ್ಜಿ ಅಲ್ಲೇ ನಿಲ್ಲುತ್ತದೆ.

ನಿರ್ಣಯದಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ. ಒಂದು, ಖಾತೆ ನಂಬರ್ ಹಾಕಿ, ಯಾರ ಅಧಿಕಾರ ಯಾವ ದಿನದಿಂದ ರದ್ದು ಎಂದು ಬರೆಯಬೇಕು. ಎರಡು, ಇನ್ನು ಮುಂದೆ ಯಾರು ಸಹಿ ಹಾಕುತ್ತಾರೆ, ಇಬ್ಬರೂ ಸೇರಿಯೋ ಅಥವಾ ಒಬ್ಬರಾದರೆ ಸಾಕೋ ಎಂಬುದು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹಳೇ ಸಹಿ ಹಾಕಿ ಮೊದಲೇ ಕೊಟ್ಟ ಚೆಕ್‌ಗಳು. ಸಪ್ಲೈಯರ್ ಕೈಯಲ್ಲಿ ಮುಂದಿನ ತಾರೀಕಿನ ಚೆಕ್ ಇದ್ದರೆ, ಅವುಗಳ ನಂಬರ್ ಮತ್ತು ಮೊತ್ತ ಬರೆದು ‘ಇವನ್ನು ಪಾಸ್ ಮಾಡಬೇಕು’ ಎಂದು ತಿಳಿಸಬೇಕು. ಇಲ್ಲದಿದ್ದರೆ ಅವು ಬೌನ್ಸ್ ಆಗಿ ಕಂಪನಿ ಮೇಲೆ ಚೆಕ್ ಕೇಸ್ ಬೀಳಬಹುದು.

ಬ್ಯಾಂಕಿಗೆ ಹೋಗುವಾಗ ಲೆಟರ್‌ಹೆಡ್‌ನಲ್ಲಿ ಮನವಿ, ನಿರ್ಣಯದ ದೃಢೀಕೃತ ಪ್ರತಿ, ರಾಜೀನಾಮೆ ಪತ್ರದ ಪ್ರತಿ, DIR-12 ಮತ್ತು ಅದರ ಚಲನ್, ಈಗಿನ ಡೈರೆಕ್ಟರ್‌ಗಳ ಪಟ್ಟಿ, ಹೊಸಬರ ಪ್ಯಾನ್, ವಿಳಾಸದ ದಾಖಲೆ ಮತ್ತು ಫೋಟೋ ಇರಲಿ. ಮಾದರಿ ಸಹಿಯ ಕಾರ್ಡನ್ನು ಬ್ಯಾಂಕಿನವರೇ ಕೊಡುತ್ತಾರೆ. ಮನವಿಯ ಇನ್ನೊಂದು ಪ್ರತಿಗೆ ತಾರೀಕು ಸಹಿತ ಸೀಲ್ ಹಾಕಿಸಿಕೊಳ್ಳಬೇಕು. ಯಾವ ದಿನ ಬ್ಯಾಂಕಿಗೆ ತಿಳಿಸಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.

ಮನವಿಯಲ್ಲಿ ನೆಟ್ ಬ್ಯಾಂಕಿಂಗ್ ಮಾತು ಬೇರೆಯಾಗಿಯೇ ಇರಬೇಕು. ಚೆಕ್‌ನ ಸಹಿ ಬದಲಾದರೂ ಹಳೇ ಯೂಸರ್ ಐಡಿ, ಒಟಿಪಿ ಬರುವ ಮೊಬೈಲ್ ನಂಬರ್ ಹಾಗೇ ಉಳಿಯುವುದುಂಟು. ಬದಲಾವಣೆ ಆಯಿತು ಎಂದು ಬ್ಯಾಂಕ್ ಹೇಳಿದ ಮೇಲೆ ಸಣ್ಣ ಮೊತ್ತವೊಂದನ್ನು ಕಳಿಸಿ, ಒಟಿಪಿ ಯಾರ ಫೋನಿಗೆ ಬಂತು ಎಂದು ನೋಡಿದರೆ ಗೊತ್ತಾಗುತ್ತದೆ.

ಹೊರಟವರೂ ಒಂದು ವಿಷಯ ನೋಡಿಕೊಳ್ಳಬೇಕು. ಕಂಪನಿಯ ಓಡಿ ಅಥವಾ ಸಾಲಕ್ಕೆ ಅವರು ವೈಯಕ್ತಿಕ ಜಾಮೀನು ಹಾಕಿದ್ದರೆ, ಸಹಿ ತೆಗೆದ ಮಾತ್ರಕ್ಕೆ ಆ ಜಾಮೀನು ಹೋಗುವುದಿಲ್ಲ. ಅದಕ್ಕೆ ಬ್ಯಾಂಕಿಗೆ ಬೇರೆಯೇ ಪತ್ರ ಕೊಟ್ಟು, ಬಿಡುಗಡೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಇಲ್ಲವಾದರೆ ದುಬೈಯಲ್ಲಿ ಕೂತ ಮೈದುನನ ಹೆಸರಿಗೆ ಉಪ್ಪಳದ ಸಾಲದ ನೋಟಿಸ್ ಬರಬಹುದು.